ಎದುರಂಗಡಿಯ ಪಫ್ ಎಷ್ಟು ಗ್ರಾಂ?

ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಭಾವ ನನ್ನ ಮುಂದೆ ದೊಡ್ಡದೊಂದು ಹಾಳೆ ಹರಡಿದರು. ಮೈಸೂರಿನ ಕುವೆಂಪುನಗರದಲ್ಲಿ ಅವರದೊಂದು ಪುಟ್ಟ ಬೇಕರಿ. ಹದಿನಾಲ್ಕು ವರ್ಷದಿಂದ ನಡೆಯುತ್ತಿದೆ. ಈಗ ವಿಜಯನಗರದ ಕಡೆ ಎರಡನೆಯದನ್ನು ತೆರೆಯುವ ಯೋಚನೆ. ಬಾಡಿಗೆಗೆ ಒಂದು ಮಳಿಗೆ ಸಿಕ್ಕಿದೆ, ಅಡ್ವಾನ್ಸ್ ಕೊಡುವುದೊಂದೇ ಬಾಕಿ. ಅದಕ್ಕೂ ಮುಂಚೆ ಆ ಸುತ್ತಮುತ್ತ ಯಾರು ಯಾರಿದ್ದಾರೆ, ಏನೇನು ಮಾರುತ್ತಾರೆ ಎಂದು ನೋಡಿಕೊಳ್ಳಬೇಕೆಂದು ಯಾರೋ ಹೇಳಿದ್ದರಂತೆ. ನೋಡಿಕೊಂಡು ಬಂದಿದ್ದರು. ಹಾಳೆಯ ಎಡಗಡೆ ಒಂಬತ್ತು ಬೇಕರಿಗಳ ಹೆಸರು, ಮೇಲ್ಗಡೆ ಅಡ್ಡಕ್ಕೆ ಇಪ್ಪತ್ತೆರಡು ಅಂಕಣ. ಬ್ರೆಡ್ ಇದೆಯೇ, ಖಾರಾ ಬನ್ ಇದೆಯೇ, ದಿಲ್‌ಪಸಂದ್ ಇದೆಯೇ, ಪಾರ್ಕಿಂಗ್ ಇದೆಯೇ, ಯುಪಿಐ ಇದೆಯೇ. ಒಟ್ಟು 198 ಮನೆ. ಎಲ್ಲಿ ನೋಡಿದರೂ ಟಿಕ್ ಗುರುತು.

“ಇದರಿಂದ ಏನು ಗೊತ್ತಾಯ್ತು ಭಾವ?” ಎಂದೆ.

“ಎಲ್ಲರ ಹತ್ರಾನೂ ಎಲ್ಲಾ ಇದೆ ಅಂತ ಗೊತ್ತಾಯ್ತು.”

ಅಡುಗೆಮನೆಯಿಂದ ಅಕ್ಕ ಕೇಳಿದಳು, “ಅದಕ್ಕೆ ಹಾಳೆ ಬೇಕಿತ್ತಾ?”

ಹೋಲಿಕೆ ಪಟ್ಟಿ ಮಾಡಲು ಹೊರಟವರು ಮೊದಲು ಎಡವುವುದು ಇಲ್ಲೇ. “ಇದೆಯೇ, ಇಲ್ಲವೇ” ಎಂದು ಕೇಳಿದರೆ ಬೇಕರಿಗಳೆಲ್ಲ ಒಂದೇ ಥರ ಕಾಣುತ್ತವೆ. ಅದರಲ್ಲೂ ನಮ್ಮ ಕಡೆ ಬೋರ್ಡಿನ ಮೇಲಿನ ಹೆಸರೂ ಹೆಚ್ಚುಕಡಿಮೆ ಒಂದೇ. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರುಮಾಡಿದ ಮೇಲೆ “ಅಯ್ಯಂಗಾರ್ ಬೇಕರಿ” ಎನ್ನುವುದು ಒಂದು ಕಂಪನಿಯ ಹೆಸರಾಗಿ ಉಳಿಯಲಿಲ್ಲ, ಒಂದು ರುಚಿಯ ಹೆಸರಾಯಿತು. ಬೀದಿಗೆರಡು ಬೋರ್ಡು ಇದ್ದರೂ ಮಾಲೀಕರು ಬೇರೆ ಬೇರೆ. ಹಾಗಾಗಿ ಹೆಸರು ನೋಡಿ, ಪದಾರ್ಥ ನೋಡಿ ಇವರನ್ನು ಬೇರ್ಪಡಿಸಲು ಆಗುವುದಿಲ್ಲ. ಗಿರಾಕಿ ಯಾವ ಹೊತ್ತಿನಲ್ಲಿ, ಏನು ಬೇಕೆಂದು, ಯಾರ ಹತ್ತಿರ ಹೋಗುತ್ತಾನೆ ಎಂದು ನೋಡಿದಾಗಲೇ ವ್ಯತ್ಯಾಸ ಕಾಣುವುದು.

ನಾವು ಹಾಳೆ ತಿರುವಿ ಹಾಕಿ ಹಿಂಬದಿಯಲ್ಲಿ ಹೊಸದಾಗಿ ಶುರುಮಾಡಿದೆವು. ಕುವೆಂಪುನಗರದ ಅಂಗಡಿಗೆ ಜನ ಯಾಕೆ ಬರುತ್ತಾರೆ ಎಂದು ಭಾವನನ್ನು ಕೇಳಿದೆ. ಅವರಿಗೆ ಯೋಚಿಸಬೇಕಾಗಿಯೇ ಬರಲಿಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಬ್ರೆಡ್ಡು, ಬನ್ನು. ಸಂಜೆ ಐದರಿಂದ ಎಂಟರವರೆಗೆ ಟೀ ಹೊತ್ತಿನ ಖಾರ, ಅಂದರೆ ಪಫ್, ಖಾರಾ ಬನ್, ಆಲೂ ಬನ್. ಮೂರನೆಯದು ಹುಟ್ಟುಹಬ್ಬದ ಕೇಕು, ಅದಕ್ಕೆ ಹೊತ್ತಿಲ್ಲ. ಬೆಣ್ಣೆ ಬಿಸ್ಕತ್ತು, ರಸ್ಕು ಇವೆಲ್ಲ ಬಂದವರು ಜತೆಗೆ ಕಟ್ಟಿಸಿಕೊಂಡು ಹೋಗುವಂಥವು.

ಹಾಗಿದ್ದ ಮೇಲೆ ಪಟ್ಟಿ ಒಂದಲ್ಲ, ಮೂರು. ಪ್ರತಿಸ್ಪರ್ಧಿಗಳೂ ಮೂರು ಗುಂಪು. ಬೆಳಗಿನ ಬ್ರೆಡ್ಡಿಗೆ ಎದುರಾಳಿ ಇನ್ನೊಂದು ಬೇಕರಿಯಲ್ಲ, ನಂದಿನಿ ಹಾಲಿನ ಬೂತು ಮತ್ತು ಕಿರಾಣಿ ಅಂಗಡಿ. ಹಾಲು ತರಲು ಹೋದವರು ಅಲ್ಲೇ ತೂಗುಹಾಕಿದ ಕಂಪನಿ ಬ್ರೆಡ್ಡನ್ನೂ ಎತ್ತಿಕೊಂಡು ಬರುತ್ತಾರೆ. ಸಂಜೆಯ ಖಾರಕ್ಕೆ ಎದುರಾಳಿ ಮೂಲೆಯ ಬಜ್ಜಿ ಗಾಡಿ, ಆಮೇಲೆ ಬೇಕರಿಗಳು. ಕೇಕಿಗೆ ಬಂದರೆ ಬೀದಿಯ ಲೆಕ್ಕವೇ ತಪ್ಪುತ್ತದೆ. ಮನೆಯಲ್ಲೇ ಕೇಕು ಮಾಡಿ ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಳ್ಳುವ ಗೃಹಿಣಿಯರು, ಬ್ರ್ಯಾಂಡಿನ ಕೇಕ್ ಅಂಗಡಿಗಳು, ಸ್ವಿಗ್ಗಿ, ಜೊಮ್ಯಾಟೊ ಎಲ್ಲವೂ ಸೇರುತ್ತವೆ. ಭಾವನ ಮೊದಲ ಹಾಳೆಯಲ್ಲಿ ಹಾಲಿನ ಬೂತೂ ಇರಲಿಲ್ಲ, ಬಜ್ಜಿ ಗಾಡಿಯೂ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚು ವ್ಯಾಪಾರ ಕಿತ್ತುಕೊಳ್ಳುವ ಇಬ್ಬರು ಬೋರ್ಡಿನಲ್ಲಿ “ಬೇಕರಿ” ಎಂದು ಬರೆಸಿಲ್ಲದ್ದರಿಂದ ಪಟ್ಟಿಯಿಂದಲೇ ಹೊರಗಿದ್ದರು.

ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬುದಕ್ಕೆ ನಾವು ಒಂದೇ ಪ್ರಶ್ನೆ ಇಟ್ಟುಕೊಂಡೆವು. ನೋಡಿಟ್ಟ ಮಳಿಗೆಯ ಎದುರು ನಿಂತ ಮನುಷ್ಯನಿಗೆ ಈಗ ಹಸಿವಾದರೆ ಎತ್ತ ಹೋಗುತ್ತಾನೆ? ಸಂಜೆಯ ತಿಂಡಿಗೆ ಐದಾರು ನಿಮಿಷಕ್ಕಿಂತ ಹೆಚ್ಚು ಯಾರೂ ನಡೆಯುವುದಿಲ್ಲ. ಅಷ್ಟು ದೂರವನ್ನು ಕಾಲಲ್ಲೇ ನಡೆದು ಅಳೆದಾಗ ಒಂಬತ್ತು ಬೇಕರಿಗಳಲ್ಲಿ ಉಳಿದದ್ದು ಎರಡು. ಅವಕ್ಕೆ “ಅ”, “ಆ” ಎಂದು ಹೆಸರಿಟ್ಟೆವು. ಗಾಡಿ ಮೂರನೆಯದು.

ಇನ್ನು ಅಳತೆ. ಸಂಜೆಯ ಪಟ್ಟಿಯನ್ನೇ ವಿವರವಾಗಿ ಹೇಳುತ್ತೇನೆ, ಏಕೆಂದರೆ ದುಡ್ಡಿರುವುದು ಅಲ್ಲಿ. ಮೂರು ಕಡೆಯಿಂದಲೂ ದುಡ್ಡು ಕೊಟ್ಟು ಕಟ್ಟಿಸಿಕೊಂಡು ಬಂದೆವು. ಫೋಟೊ ಹೊಡೆಯುವುದು, ಕೆಲಸದ ಹುಡುಗರನ್ನು ಬಾಯಿ ಬಿಡಿಸುವುದು ಬೇಡ ಎಂದು ಮೊದಲೇ ಮಾತಾಗಿತ್ತು. ನಾಳೆ ಅವರೂ ಇವರ ಅಂಗಡಿಗೆ ಬರುವವರೇ. ಮನೆಗೆ ತಂದು ಅಕ್ಕನ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ತೂಗಿದೆವು. ಪ್ರತಿ ಅಂಗಡಿಯಿಂದ ಮೂರು ಪಫ್ ತಂದು ಸರಾಸರಿ ತೆಗೆಯಬೇಕು. ಕೈಯಲ್ಲಿ ಹೂರಣ ತುಂಬುವ ಪದಾರ್ಥ ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದೇ ಟ್ರೇಯ ಎರಡು ಪಫ್‌ಗಳ ನಡುವೆ ಹತ್ತು ಗ್ರಾಂ ವ್ಯತ್ಯಾಸ ನಮಗೇ ಸಿಕ್ಕಿತು.

ಲೆಕ್ಕಕ್ಕೆ ಗೂಗಲ್ ಶೀಟ್ ಆದರೂ ಆದೀತು, ಗೆರೆ ಎಳೆದ ನೋಟ್‌ಬುಕ್ ಆದರೂ ಆದೀತು. ಶೀಟ್ ಆದರೆ B ಅಂಕಣದಲ್ಲಿ ಬೆಲೆ, C ಅಂಕಣದಲ್ಲಿ ಗ್ರಾಂ ಹಾಕಿ, D ಅಂಕಣದಲ್ಲಿ ಈ ಸೂತ್ರ ಬರೆದರೆ ನೂರು ಗ್ರಾಂಗೆ ಎಷ್ಟು ಬಿತ್ತು ಎಂದು ಬರುತ್ತದೆ:

```
=B2/C2*100
```

ನಮಗೆ ಬಂದದ್ದು ಹೀಗೆ. ಬೆಲೆ ರೂಪಾಯಿಗಳಲ್ಲಿ, ತೂಕ ಗ್ರಾಂನಲ್ಲಿ.

| ಅಂಗಡಿ | ಬೆಲೆ | ತೂಕ | 100 ಗ್ರಾಂಗೆ | 5.30ಕ್ಕೆ ಬಿಸಿಯೇ? | ಟ್ರೇ ಖಾಲಿಯಾದದ್ದು |
|---|---|---|---|---|---|
| ಅ (ವೆಜ್ ಪಫ್) | 20 | 82 | 24.4 | ಇಲ್ಲ | 7.15 |
| ಆ (ವೆಜ್ ಪಫ್) | 25 | 110 | 22.7 | ಇಲ್ಲ | ಮುಚ್ಚುವವರೆಗೂ ಉಳಿದಿತ್ತು |
| ಗಾಡಿ (ಬಜ್ಜಿ, ಒಂದು ಪ್ಲೇಟು) | 30 | 125 | 24.0 | ಹೌದು | 7.45 |
| ನಾವು (ವೆಜ್ ಪಫ್) | 22 | 78 | 28.2 | ? | ? |

ಕೊನೆಯ ಸಾಲು ನೋಡಿ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಆ” ಅಂಗಡಿಯವನದ್ದು ದುಬಾರಿ, ನಮ್ಮದು ಅಗ್ಗ ಎಂದೇ ಅವರು ತಿಳಿದಿದ್ದರು. ತೂಗಿ ನೋಡಿದರೆ ಎಲ್ಲರಿಗಿಂತ ದುಬಾರಿ ನಮ್ಮದೇ. ತಕ್ಕಡಿ ಹೇಳಿದ್ದೇ ಕೊನೆಯ ಮಾತೂ ಅಲ್ಲ. ಪಫ್ ಕೊಳ್ಳುವವನು ಗ್ರಾಂ ಲೆಕ್ಕ ಹಾಕುವುದಿಲ್ಲ. ಕೈಯಲ್ಲಿ ಇಪ್ಪತ್ತರ ನೋಟಿದೆಯೇ, ಚಿಲ್ಲರೆ ಬೇಕೇ ಎಂದು ನೋಡುತ್ತಾನೆ. “ಅ” ಅಂಗಡಿಯವರು ಇಪ್ಪತ್ತಕ್ಕೇ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಹಾಗಾಗಿ ಪಟ್ಟಿಯಲ್ಲಿ ಬೆಲೆಯೂ ಇರಬೇಕು, ನೂರು ಗ್ರಾಂನ ಲೆಕ್ಕವೂ ಇರಬೇಕು. ಗಿರಾಕಿಯ ಕಣ್ಣಿಗೆ ಬೀಳುವುದು ಬೆಲೆ. ಅದೇ ಬೆಲೆಗೆ ಎದುರಂಗಡಿಯವನು ಎಷ್ಟು ಹೂರಣ ಕೊಡಬಲ್ಲ ಎಂಬುದು ನಮಗೆ ಗೊತ್ತಾಗುವುದು ಗ್ರಾಂ ಲೆಕ್ಕದಲ್ಲಿ.

ಅದೇ ಹೊತ್ತಿಗೆ ಕೇಕಿನ ಪಟ್ಟಿಯಲ್ಲಿ ಒಂದು ತಮಾಷೆ ಬಯಲಾಯಿತು. ಒಂದು ಕಡೆ ತಂದ “ಅರ್ಧ ಕೆಜಿ” ಕೇಕನ್ನು ತೂಗಿದಾಗ ಸರಿಯಾಗಿ ಅರ್ಧ ಕೆಜಿಯೇ ಬಂತು, ಕೆಳಗಿನ ರಟ್ಟಿನ ಹಲಗೆ ಸೇರಿ. ಹಲಗೆ ತೆಗೆದು ತೂಗಿದರೆ 430 ಗ್ರಾಂ. ಕೇಕಿನ ಪಟ್ಟಿಗೆ “ಹಲಗೆ ಸೇರಿಯೋ, ಬಿಟ್ಟೋ” ಎಂಬ ಅಂಕಣ ಹುಟ್ಟಿದ್ದು ಹೀಗೆ.

ಮೇಲಿನ ಪಟ್ಟಿಯ ಕೊನೆಯ ಎರಡು ಅಂಕಣಗಳಿಗೆ ತಕ್ಕಡಿ ಸಾಲದು, ಕಾಲವೇ ಬೇಕು. ಒಂದು ಅಂಗಡಿಯನ್ನು ಬೆಳಿಗ್ಗೆಯೂ ಇನ್ನೊಂದನ್ನು ಸಂಜೆಯೂ ನೋಡಿ ಹೋಲಿಸಿದರೆ ಪಟ್ಟಿ ಕೆಟ್ಟಿತು. ನಾವು ಎಲ್ಲವನ್ನೂ ಸಂಜೆ ಐದೂವರೆಗೆ ಒಮ್ಮೆ, ಎಂಟೂವರೆಗೆ ಒಮ್ಮೆ ನೋಡಿದೆವು. ಒಂದು ಬುಧವಾರ, ಒಂದು ಶನಿವಾರ. ಟ್ರೇ ಎಷ್ಟೊತ್ತಿಗೆ ಖಾಲಿಯಾಯಿತು, ಖಾಲಿಯಾದ ಮೇಲೆ ಇನ್ನೊಂದು ಟ್ರೇ ಬಂತೇ ಎಂಬುದು ಇಡೀ ಪಟ್ಟಿಯಲ್ಲಿ ನನಗೆ ಅತ್ಯಂತ ಬೆಲೆಬಾಳುವ ಸಂಗತಿಯಾಗಿ ಕಂಡಿತು. “ಅ” ಅಂಗಡಿಯಲ್ಲಿ ಏಳೂಕಾಲಿಗೆ ಪಫ್ ಮುಗಿಯಿತು, ಮತ್ತೆ ಬರಲಿಲ್ಲ. ಆಮೇಲೆ ಬಂದು ಕೇಳಿ, ಬರಿಗೈಯಲ್ಲಿ ಹೋದವರನ್ನು ಭಾವ ಎಣಿಸಿದರು. ಎಂಟು ಗಂಟೆಯೊಳಗೆ ಹನ್ನೊಂದು ಜನ.

ಎದುರಂಗಡಿಯವರಿಗೆ ದಿನಕ್ಕೆ ಎಷ್ಟು ವ್ಯಾಪಾರವಾಗುತ್ತದೆ ಎಂದು ತಿಳಿಯುವುದು ಹೇಗೆ? ಹಿಂದೆಲ್ಲ ಊಹೆಯೇ. ಈಗ ಪ್ರತಿ ಗಲ್ಲದ ಮೇಲೂ ದುಡ್ಡು ಬಂದಾಗ ಕೂಗುವ ಸೌಂಡ್‌ಬಾಕ್ಸ್ ಕೂತಿದೆ. ಎದುರಿನ ಟೀ ಅಂಗಡಿಯಲ್ಲಿ ಕೂತರೆ “ನಲವತ್ತು ರೂಪಾಯಿ ಬಂದಿದೆ”, “ಇಪ್ಪತ್ತು ರೂಪಾಯಿ ಬಂದಿದೆ” ಎಂದು ರಸ್ತೆಗೆಲ್ಲ ಕೇಳುತ್ತದೆ. ಮೊದಲ ದಿನ ಒಂದು ಗಂಟೆ ಕಾಲ ಗಲ್ಲದ ಹತ್ತಿರ ನಡೆದ ಎಲ್ಲ ವ್ಯಾಪಾರವನ್ನೂ ಎಣಿಸಿದೆವು. ಅರವತ್ತು. ಅದರಲ್ಲಿ ಡಬ್ಬಿ ಕೂಗಿದ್ದು ನಲವತ್ತು, ಉಳಿದದ್ದು ನಗದು. ಅಂದರೆ ಕೂಗಿನ ಒಂದೂವರೆ ಪಟ್ಟು ನಿಜವಾದ ವ್ಯಾಪಾರ. ಶನಿವಾರ ಕೂಗನ್ನಷ್ಟೇ ಎಣಿಸಿದೆವು, 62 ಬಂತು. ಸುಮಾರು 93 ವ್ಯಾಪಾರ ಎಂದು ಹಿಡಿದೆವು. ಆದರೆ ಈ ಒಂದೂವರೆ ಪಟ್ಟನ್ನು ಇನ್ನೊಂದು ಅಂಗಡಿಗೆ ಎತ್ತಿಕೊಂಡು ಹೋಗುವಂತಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯದಲ್ಲಿ ಎಷ್ಟೋ ಅಂಗಡಿಗಳವರು ಕ್ಯುಆರ್ ಕೋಡ್ ಕಿತ್ತು “ನಗದು ಮಾತ್ರ” ಎಂದು ಬರೆದು ಅಂಟಿಸಿದ್ದರು. ಆ ಹೆದರಿಕೆ ಕೆಲವರಿಗೆ ಹೋಗಿದೆ, ಕೆಲವರಿಗೆ ಹೋಗಿಲ್ಲ. ಪ್ರತಿ ಅಂಗಡಿಗೂ ಅದರದೇ ಅನುಪಾತ ಎಣಿಸಿ ತೆಗೆಯಬೇಕು.

ಬೆಳಗಿನ ಪಟ್ಟಿ ತುಂಬಿಸುವಾಗ ಒಂದು ಅಂಕಣ ಪೂರ್ತಿ ಖಾಲಿ ಉಳಿಯಿತು. ಇಡೀ ಸುತ್ತಿನಲ್ಲಿ ಗೋಧಿ ಬ್ರೆಡ್ಡು ಯಾರೂ ಮಾರುತ್ತಿಲ್ಲ. ಭಾವನ ಕಣ್ಣು ಅರಳಿತು. “ನೋಡು, ಯಾರೂ ಇಲ್ಲ. ನಮ್ದೇ ರಾಜ್ಯ.” ಖಾಲಿ ಮನೆಗೆ ಎರಡು ಅರ್ಥ. ಅಲ್ಲಿಗೆ ಯಾರೂ ಇನ್ನೂ ಕೈಹಾಕಿಲ್ಲ ಎಂಬುದು ಒಂದು. ಕೈಹಾಕಿ ಸುಟ್ಟುಕೊಂಡಿದ್ದಾರೆ ಎಂಬುದು ಇನ್ನೊಂದು. ಪಟ್ಟಿ ನೋಡಿದರೆ ಯಾವುದೆಂದು ತಿಳಿಯುವುದಿಲ್ಲ, ಹೋಗಿ ಕೇಳಬೇಕು. ಕಿರಾಣಿ ಅಂಗಡಿಯ ಯಜಮಾನರು ಮುಚ್ಚುಮರೆಯಿಲ್ಲದೆ ಹೇಳಿದರು: ದಿನಾ ಆರು ತರಿಸುತ್ತಿದ್ದೆ, ನಾಲ್ಕು ವಾಪಸ್ ಹೋಗುತ್ತಿತ್ತು, ನಿಲ್ಲಿಸಿಬಿಟ್ಟೆ. ಕಂಪನಿಯ ಬ್ರೆಡ್ಡಾದರೆ ಉಳಿದದ್ದನ್ನು ಲೈನ್ ಗಾಡಿಯವನು ವಾಪಸ್ ಒಯ್ಯುತ್ತಾನೆ. ಭಾವನ ಬ್ರೆಡ್ಡು ಉಳಿದರೆ ಒಯ್ಯುವವರು ಯಾರು? ಮರುದಿನ ರಸ್ಕು ಮಾಡಬಹುದು, ಅದಕ್ಕೂ ಮಿತಿ ಇದೆ. ಆ ಮನೆಯಲ್ಲಿ “ಖಾಲಿ” ಎನ್ನುವುದರ ಬದಲು “ಪ್ರಯತ್ನಿಸಿ ಬಿಟ್ಟಿದ್ದಾರೆ” ಎಂದು ಬರೆದೆವು.

ಇನ್ನೊಂದು ಖಾಲಿ ಮನೆ ಬೇರೆ ಥರದ್ದು. ಸಂಜೆ ಐದೂವರೆಗೆ ಬಿಸಿ ಪಫ್ ಎರಡೂ ಬೇಕರಿಯಲ್ಲಿ ಇಲ್ಲ. ಬಜ್ಜಿ ಗಾಡಿಯ ಮುಂದೆ ಜನ ನಿಂತಿರುವುದು ನೋಡಿದರೆ ಬಿಸಿಗೆ ಗಿರಾಕಿ ಇದ್ದಾರೆ ಎಂಬುದು ಸ್ಪಷ್ಟ. ಬೇಕರಿಗಳಲ್ಲಿ ಯಾಕಿಲ್ಲ? ಅವರ ಮಾಲು ಬೇರೆ ಕಡೆ ತಯಾರಾಗಿ ಬೆಳಿಗ್ಗೆಯೇ ವ್ಯಾನಿನಲ್ಲಿ ಬಂದು ಇಳಿಯುತ್ತದೆ. ಅಂಗಡಿಯಲ್ಲಿ ಓವನ್ ಇಲ್ಲ. ಇಲ್ಲಿ ಬೇಡಿಕೆ ಇದೆ, ಒದಗಿಸುವ ವ್ಯವಸ್ಥೆ ಇಲ್ಲ.

ಆದರೆ ನಮ್ಮ ಸಾಲಿನಲ್ಲಿ ಏನು ಬರೆಯುವುದು? ಭಾವ “ಹೌದು” ಎಂದು ಬರೆಯಲು ಪೆನ್ನು ಎತ್ತಿದ್ದರು. ಕುವೆಂಪುನಗರದಲ್ಲಿ ಸಂಜೆ ಬಿಸಿ ಪಫ್ ಸಿಗುವುದು ನಿಜ, ಓವನ್ ಹಿಂದೆಯೇ ಇದೆ. ಹೊಸ ಮಳಿಗೆ ಅಲ್ಲಿಂದ ಐದಾರು ಕಿಲೋಮೀಟರ್. ಆಟೋದಲ್ಲಿ ಹೋಗಿ ಇಳಿಸುವಷ್ಟರಲ್ಲಿ ನಮ್ಮ ಪಫ್ಪೂ “ಆ” ಅಂಗಡಿಯ ಪಫ್ಪೂ ಒಂದೇ. ಎರಡನೇ ಅಂಗಡಿ ತೆರೆಯುವವರು ಪಟ್ಟಿಯಲ್ಲಿ ಹೆಚ್ಚಾಗಿ ತಪ್ಪುವುದು ತಮ್ಮ ಸಾಲಿನಲ್ಲೇ. ಹಳೇ ಅಂಗಡಿಯ ಗುಣಗಳನ್ನೆಲ್ಲ ಹೊಸದರ ಹೆಸರಿಗೆ ಬರೆದುಕೊಳ್ಳುತ್ತಾರೆ. ಹದಿನಾಲ್ಕು ವರ್ಷದ ಹೆಸರು, ಮುಖ ನೋಡಿ ಖಾರಾ ಬನ್ ಕಟ್ಟುವ ಸಲುಗೆ, ತಿಂಗಳ ಕೊನೆಗೆ ಕೊಡುವ ಲೆಕ್ಕದ ಪುಸ್ತಕ ಇವು ಯಾವುವೂ ಆಟೋ ಹತ್ತಿ ವಿಜಯನಗರಕ್ಕೆ ಬರುವುದಿಲ್ಲ. ಕಾನೂನಿನ ಕಣ್ಣಿಗೂ ಅದು ಬೇರೆ ಅಂಗಡಿಯೇ, ಎಫ್ಎಸ್ಎಸ್ಎಐ ನೋಂದಣಿಯನ್ನು ಆ ವಿಳಾಸಕ್ಕೆ ಪ್ರತ್ಯೇಕವಾಗಿ ಮಾಡಿಸಬೇಕು. ನಮ್ಮ ಸಾಲನ್ನು ಮೊದಲ ದಿನದ ಹೊಸ ಅಂಗಡಿ ಹೇಗಿರುತ್ತದೋ ಹಾಗೆ ತುಂಬಬೇಕು.

ಆ ಪ್ರಶ್ನಾರ್ಥಕ ಚಿಹ್ನೆಯಿಂದಲೇ ಕೆಲಸದ ಮಾತು ಹೊರಟಿತು. ಪಫ್ಪನ್ನು ಕುವೆಂಪುನಗರದಲ್ಲಿ ಹೂರಣ ತುಂಬಿ, ಮಡಿಸಿ, ಬೇಯಿಸದೆ ತಣ್ಣಗಿಟ್ಟು ಕಳಿಸಬಹುದು. ಅಲ್ಲೊಂದು ಸಣ್ಣ ಎಲೆಕ್ಟ್ರಿಕ್ ಓವನ್ ಇಟ್ಟರೆ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ ಸಿದ್ಧ. ಖಾರಾ ಬನ್ನಿನ ಕಥೆ ಹಾಗಲ್ಲ. ಹುದುಗಿ ಉಬ್ಬಿದ ಹಿಟ್ಟಿನುಂಡೆಯನ್ನು ಆಟೋದಲ್ಲಿಟ್ಟು ಎರಡು ಹಂಪ್ ದಾಟಿಸಿದರೆ ಗಾಳಿ ಹೋಗಿ ಕೂತುಬಿಡುತ್ತದೆ. ಭಾವ ಒಮ್ಮೆ ಪ್ರಯತ್ನಿಸಿಯೂ ನೋಡಿದರು, ಬನ್ನು ಬಿಸ್ಕತ್ತಿನ ಹಾಗೆ ಬಂತು. ಆದ್ದರಿಂದ ನಮ್ಮ ಸಾಲಿನಲ್ಲಿ ಪಫ್ಪಿಗೆ “ಬಿಸಿ”, ಬನ್ನಿಗೆ “ಬಿಸಿಯಲ್ಲ” ಎಂದು ಬರೆದೆವು.

ಬಾಡಿಗೆಯ ಲೆಕ್ಕವೂ ಇಲ್ಲೇ ಸೇರಿಕೊಂಡಿತು. ಮಳಿಗೆಗೆ ತಿಂಗಳಿಗೆ 28,000. ದಿನಕ್ಕೆ ಸುಮಾರು 933. ಮೈದಾ, ಕೊಬ್ಬು, ತರಕಾರಿ, ಕರೆಂಟು ಕಳೆದು ಭಾವನಿಗೆ ಒಂದು ಪಫ್ಪಿನಲ್ಲಿ ಏಳು ರೂಪಾಯಿ ಉಳಿಯುತ್ತದೆ. ಬಾಡಿಗೆಗೇ ದಿನಕ್ಕೆ 133 ಪಫ್ ಬೇಕು, ಹುಡುಗರ ಸಂಬಳ ಆಮೇಲೆ. “ಅ” ಅಂಗಡಿಯವರು ಇಪ್ಪತ್ತಕ್ಕೆ ಹೇಗೆ ಕೊಡುತ್ತಾರೆ ಎಂಬ ಒಗಟು ಬಿಡಿಸಿದ್ದು ಟೀ ಅಂಗಡಿಯವನು: ಅದು ಅವರ ಸ್ವಂತ ಕಟ್ಟಡ. “ಬಾಡಿಗೆಯೋ, ಸ್ವಂತವೋ” ಎಂಬ ಅಂಕಣ ಪಟ್ಟಿಗೆ ಕೊನೆಯಲ್ಲಿ ಸೇರಿತು, ಮೊದಲೇ ಸೇರಬೇಕಾಗಿತ್ತು. ಸ್ವಂತ ಕಟ್ಟಡದವನ ಜತೆ ಬೆಲೆಯಲ್ಲಿ ಜಗಳಕ್ಕೆ ನಿಂತರೆ ಮೊದಲು ಸುಸ್ತಾಗುವುದು ಬಾಡಿಗೆ ಕಟ್ಟುವವನೇ.

ಇಷ್ಟೆಲ್ಲ ಆದಮೇಲೂ ಒಂದು ರಾತ್ರಿ ಭಾವ ಹೊಸ ಹುರುಪಿನಿಂದ ಪ್ರತಿ ಮನೆಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಕೂಡಿಸಿದರು. ನಮ್ಮ ಅಂಗಡಿಗೆ ಎಲ್ಲರಿಗಿಂತ ಹೆಚ್ಚು ಬಂತು. ಪರೀಕ್ಷೆ ಬರೆದವರೂ ಅವರೇ, ಪೇಪರ್ ತಿದ್ದಿದವರೂ ಅವರೇ. ರುಚಿಗೆ ಒಂಬತ್ತು, ಸ್ವಚ್ಛತೆಗೆ ಒಂಬತ್ತು ಎಂದು ಕೂಡಿಸಿದಾಗ ಬಾಡಿಗೆಯಂಥ ಕೊರಳಿಗೆ ಬೀಳುವ ಸಂಗತಿ ಮೊತ್ತದೊಳಗೆ ಮುಳುಗಿಹೋಗುತ್ತದೆ. ಗ್ರಾಂ, ರೂಪಾಯಿ, ಗಡಿಯಾರದ ಹೊತ್ತು, ಎಣಿಸಿದ ತಲೆ ಇವನ್ನು ಬಿಟ್ಟು ಬೇರೇನನ್ನೂ ಆ ಮನೆಗಳಲ್ಲಿ ಬರೆಯಬಾರದು ಎಂಬುದು ನನ್ನ ಹಟ. ರುಚಿಯ ಮಾತು ಬೇಕೆಂದರೆ ಹೆಸರು ಮುಚ್ಚಿದ ತಟ್ಟೆಗಳಲ್ಲಿಟ್ಟು ಪಕ್ಕದ ಮನೆಯವರಿಗೆ ಕೊಡಬೇಕು. ಅಕ್ಕ ಹಾಗೆ ಮಾಡಿದಾಗ ಐದು ಜನರಲ್ಲಿ ಮೂವರು “ಆ” ಅಂಗಡಿಯ ಪಫ್ಪನ್ನು ಎತ್ತಿಕೊಂಡರು.

ಪಟ್ಟಿ ಹಳಸುತ್ತದೆ ಎಂಬುದನ್ನೂ ಹೇಳಬೇಕು. ಭಾವನ ಮೊದಲ ಹಾಳೆಯಲ್ಲಿದ್ದ ಕೇಕು, ಬಿಸ್ಕತ್ತಿನ ಕೆಲವು ಬೆಲೆಗಳು ಗಣೇಶನ ಹಬ್ಬದ ಹೊತ್ತಿನವು. 2025ರ ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕತ್ತುಗಳ ಮೇಲಿನ ಜಿಎಸ್‌ಟಿ 18ರಿಂದ 5 ಪ್ರತಿಶತಕ್ಕೆ ಇಳಿಯಿತು. ಬಿಲ್ಲಿನಲ್ಲಿ ತೆರಿಗೆ ಹಾಕುವ ದೊಡ್ಡ ಅಂಗಡಿಯ ಬೆಲೆ ಇಳಿದಿದ್ದರೆ, ತೆರಿಗೆಯನ್ನು ಬೇರೆಯಾಗಿ ವಸೂಲು ಮಾಡದ ಕಾಂಪೊಸಿಷನ್ ಸ್ಕೀಮಿನ ಸಣ್ಣ ಬೇಕರಿಯ ಬೆಲೆ ಇದ್ದಲ್ಲೇ ಇದ್ದೀತು. ಹಳೆಯ ಬೆಲೆ, ಹೊಸ ಬೆಲೆ ಒಂದೇ ಅಂಕಣದಲ್ಲಿ ಕೂತರೆ ಹೋಲಿಕೆಗೆ ಅರ್ಥವಿಲ್ಲ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ತಾರೀಖು ಇರಬೇಕು. ಶಾಲೆಗೆ ರಜೆಯೇ, ಮಳೆಯೇ ಎಂದು ಒಂದು ಪದ ಬರೆದಿಟ್ಟರೆ ಇನ್ನೂ ಒಳ್ಳೆಯದು. ಟ್ಯೂಷನ್ ಮುಗಿಸಿ ಬರುವ ಮಕ್ಕಳ ಮೇಲೆ ನಿಂತ ಸಂಜೆಯ ವ್ಯಾಪಾರ ಏಪ್ರಿಲಿನಲ್ಲಿ ಬೇರೆಯೇ ಇರುತ್ತದೆ.

ಭಾವ ಆ ಮಳಿಗೆಗೆ ಅಡ್ವಾನ್ಸ್ ಕೊಡಲಿಲ್ಲ. ಅದೇ ರಸ್ತೆಯಲ್ಲಿ ಬಜ್ಜಿ ಗಾಡಿಯಿಂದ ಸ್ವಲ್ಪ ಈಚೆಗೆ, 11,000 ಬಾಡಿಗೆಯ ಚಿಕ್ಕ ಮಳಿಗೆ ಹಿಡಿದರು. ಬಾಗಿಲು ತೆರೆಯುವುದು ಮಧ್ಯಾಹ್ನ ಮೂರಕ್ಕೆ. ಓವನ್ ಹೊತ್ತುವುದು ನಾಲ್ಕೂಮುಕ್ಕಾಲಿಗೆ ಒಮ್ಮೆ, ಏಳಕ್ಕೆ ಇನ್ನೊಮ್ಮೆ. ಪಫ್ಪಿನ ತೂಕ 90 ಗ್ರಾಂಗೆ ಏರಿದೆ, ಬೆಲೆ 25. ಕೇಕಿಗೆ ಆರ್ಡರ್ ತೆಗೆದುಕೊಳ್ಳುತ್ತಾರೆ, ತೂಕ ಹಲಗೆ ಬಿಟ್ಟು. ಬ್ರೆಡ್ಡು ಇಟ್ಟಿಲ್ಲ. ಕೇಳಿಕೊಂಡು ಬಂದವರಿಗೆ ಪಕ್ಕದ ಹಾಲಿನ ಬೂತನ್ನು ತೋರಿಸುತ್ತಾರೆ.